ನೇತ್ರಾವತಿ ಅಳಿವೆಯಲ್ಲಿ ಕಂದು, ಮಲ್ಪೆಯಲ್ಲಿ ಹಸಿರು, ಲಕ್ಷದ್ವೀಪದಲ್ಲಿ ನೀಲಿ: ಒಂದೇ ಅರಬ್ಬಿ ಸಮುದ್ರಕ್ಕೆ ಇಷ್ಟು ಬಣ್ಣ ಹೇಗೆ?

ಸೋಮೇಶ್ವರದ ಬಂಡೆ

ಬೆಂಗ್ರೆ ಮತ್ತು ಉಳ್ಳಾಲದ ನಡುವೆ ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ನೀರು ಪೂರ್ತಿ ಕಂದು. ಮಳೆ ಎರಡು ದಿನ ಹೊಳವಾದಾಗ ಎತ್ತರದಿಂದ ನೋಡಿದರೆ ಕಂದು ನೀರಿಗೂ ಆಚೆಯ ಹಸಿರು ನೀರಿಗೂ ನಡುವೆ ಗೆರೆ ಎಳೆದಂತೆ ಇರುತ್ತದೆ. ಆ ಗೆರೆಯುದ್ದಕ್ಕೂ ನೊರೆ, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್. ಡಿಸೆಂಬರ್‌ನಲ್ಲಿ ಕಂದು ಹೋಗುತ್ತದೆ, ಆದರೂ ದಡದ ಬಳಿ ಹಸಿರೇ ಹೊರತು ನೀಲಿ ಅಲ್ಲ. ಲಕ್ಷದ್ವೀಪದ ಫೋಟೋಗಳಲ್ಲಿ ಮಾತ್ರ ಆ ಗಾಢ ನೀಲಿ.

ಕೇಳಬೇಕಾದ್ದು ಎರಡು. ಕಂದು ನೀರು ಹಸಿರು ನೀರಿನೊಂದಿಗೆ ಕೂಡಲೇ ಬೆರೆಯುವುದಿಲ್ಲ ಯಾಕೆ? ಹಸಿರು ಅಂದರೆ ಪಾಚಿ ಅಂತಲೇ ಲೆಕ್ಕವಾ?

ಬೆಳಕಿನ ಕೋಲು

ಮೂಲ ಉತ್ತರ 1921ರಲ್ಲೇ ಸಿಕ್ಕಿದೆ. ಸಮುದ್ರದ ನೀಲಿ ಅಂದರೆ ಆಕಾಶದ ಪ್ರತಿಬಿಂಬ ಅಂತ ಲಾರ್ಡ್ ರ‍್ಯಾಲೇ ಹೇಳಿದ್ದರು. ಸಿ.ವಿ. ರಾಮನ್ ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡ ಹಡಗಿನಲ್ಲಿ ವಾಪಸ್ ಬರುವಾಗ ನಿಕೋಲ್ ಪ್ರಿಸಂ ಹಿಡಿದು ಮೇಲ್ಮೈಯ ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಬಾಂಬೆ ಬಂದರಿನಿಂದಲೇ ನೇಚರ್ ಪತ್ರಿಕೆಗೆ ಬರೆದು ಕಳಿಸಿದರು. ನೀರಿನ ಅಣುಗಳೇ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಆಕಾಶದಲ್ಲಿ ಗಾಳಿಯ ಅಣುಗಳು ಮಾಡುವ ಕೆಲಸವೇ ಇದು. ಅಳಿವೆಯಲ್ಲಿ ಮಣ್ಣು ಸೇರುತ್ತದೆ, ಕಂದಾಗುತ್ತದೆ. ಇದರಲ್ಲಿ ಇನ್ನೇನಿದೆ?

ಸೆಕಿ ತಟ್ಟೆ

ರಾಮನ್ ಅವರ ವಿಷಯ ಸರಿ, ಆದರೆ ನೀವು ಅರ್ಧಕ್ಕೇ ನಿಲ್ಲಿಸಿಬಿಟ್ಟಿರಿ. ಚದುರುವಿಕೆ ಬೆಳಕನ್ನು ವಾಪಸ್ ಕಣ್ಣಿಗೆ ಕಳಿಸುತ್ತದೆ. ಆ ಬೆಳಕು ಯಾವ ಬಣ್ಣದ್ದು ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ನೀರಿನ ಹೀರುವಿಕೆ. ಶುದ್ಧ ನೀರು ಕೆಂಪನ್ನು ಹೀರುತ್ತದೆ, ಯಾಕೆಂದರೆ ಅದರ ಆಮ್ಲಜನಕ–ಜಲಜನಕ ಬಂಧದ ಕಂಪನದ ಮೇಲ್ಸ್ವರಗಳು ಕೆಂಪು ಬೆಳಕಿನ ತನಕ ಚಾಚಿವೆ. ಬರೀ ಚದುರುವಿಕೆ ಸಾಕಾಗುವುದಾದರೆ ಭಾರಜಲವೂ ನೀಲಿ ಕಾಣಬೇಕಿತ್ತು. ಅದರಲ್ಲಿ ಪರಮಾಣು ಭಾರವಾದ್ದರಿಂದ ಆ ಕಂಪನಗಳು ಅವಕೆಂಪಿನ ಕಡೆಗೆ ಸರಿದುಬಿಡುತ್ತವೆ. ಉದ್ದನೆಯ ಕೊಳವೆಯಲ್ಲಿ ತುಂಬಿಸಿ ಈ ತುದಿಯಿಂದ ನೋಡಿದರೆ ಸಾಮಾನ್ಯ ನೀರು ನಸುನೀಲಿ, ಭಾರಜಲಕ್ಕೆ ಬಣ್ಣವೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಲಕ್ಷದ್ವೀಪದ ಲಗೂನಿನಲ್ಲಿ 3 ಮೀಟರ್ ನೀರು, ತಳದಲ್ಲಿ ಬಿಳಿ ಹವಳದ ಮರಳು ಅಂತ ಇಟ್ಟುಕೊಳ್ಳಿ. ಬೆಳಕು ಇಳಿಯಬೇಕು, ತಳಕ್ಕೆ ಬಡಿದು ಮತ್ತೆ ಏರಬೇಕು, ಒಟ್ಟು 6 ಮೀಟರ್ ದಾರಿ. ಶುದ್ಧ ನೀರಿನ ಹೀರುವ ಪ್ರಮಾಣ ಹಿಡಿದರೆ, 650 ನ್ಯಾನೋಮೀಟರಿನ ಕೆಂಪಿನಲ್ಲಿ ನೂರಕ್ಕೆ ಸುಮಾರು 13 ಪಾಲು ಉಳಿಯುತ್ತದೆ. 550ರ ಹಸಿರಿನಲ್ಲಿ 71, 440ರ ನೀಲಿಯಲ್ಲಿ 96. ಅಂದರೆ ಕೆಂಪು ಹೋಯಿತು, ಹಸಿರು ಮತ್ತು ನೀಲಿ ಎರಡೂ ಧಾರಾಳವಾಗಿ ಉಳಿದವು. ಅದಕ್ಕೇ ಲಗೂನು ತಿಳಿ ಹಸಿರುನೀಲಿ. ಹವಳದ ದಂಡೆ ದಾಟಿ ಆಳಕ್ಕೆ ಹೋದರೆ ತಳ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕಣ್ಣಿಗೆ ಬರುವುದು ಹತ್ತಾರು ಮೀಟರ್ ಕೆಳಗಿನಿಂದ ಚದುರಿ ಬಂದ ಬೆಳಕು. ಅಷ್ಟು ದಾರಿಯಲ್ಲಿ ಹಸಿರೂ ಸವೆದು ನೀಲಿ ಮಾತ್ರ ಮಿಗುತ್ತದೆ.

ಬಿಳಿ ಮರಳು ಇಲ್ಲಿ ಮುಖ್ಯ. ಕಾರವಾರದ ಬಳಿ ತಿಳ್ಮಾತಿಯಲ್ಲಿ ಮರಳು ಕಪ್ಪು. ಅಲ್ಲಿ ನೀರು ಎಷ್ಟು ತಿಳಿಯಾದರೂ ಲಗೂನಿನ ಆ ಬಣ್ಣ ಬರುವುದಿಲ್ಲ, ತಳಕ್ಕೆ ಹೋದ ಬೆಳಕನ್ನು ಮರಳೇ ನುಂಗಿಬಿಡುತ್ತದೆ.

ಬೆಳಕಿನ ಕೋಲು

ಭಾರಜಲದ ಮಾತು ಒಪ್ಪಿದೆ. ಆದರೂ ಚದುರಿಸುವ ಅಣುಗಳಿಲ್ಲದೆ ಹೋದರೆ ಆಳ ಸಮುದ್ರ ಕಪ್ಪು ಕಾಣುತ್ತಿತ್ತು, ಹೀರುವಿಕೆ ಎಷ್ಟಿದ್ದರೇನು. ಎರಡೂ ಬೇಕು ಅನ್ನಿ.

ಸೆಕಿ ತಟ್ಟೆ

ಎರಡೂ ಬೇಕು, ಒಪ್ಪಿದೆ.

ಶಿರಸಿ ಮಾವಿನಮರ

ಗೋಕರ್ಣದಲ್ಲಿ ರಾತ್ರಿ ಹೊತ್ತು ಅಲೆ ಒಡೆಯುವಾಗ ನೀಲಿ ಬೆಳಕು ಬರುತ್ತದಲ್ಲ, ವಿಡಿಯೋ ಹರಿದಾಡುತ್ತಿತ್ತು. ಅದು ಹಗಲಿನಲ್ಲಿ ಹೀರಿದ ನೀಲಿಯನ್ನು ರಾತ್ರಿ ಬಿಡುವುದಾ?

ಸೆಕಿ ತಟ್ಟೆ

ಇಲ್ಲ, ಅದು ಬೇರೆಯೇ ಸಂಗತಿ. ನಾಕ್ಟಿಲೂಕಾದಂಥ ಸೂಕ್ಷ್ಮಜೀವಿಗಳು ಅಲೆಯ ಹೊಡೆತಕ್ಕೆ ಸಿಕ್ಕಾಗ ಸ್ವಂತ ರಸಾಯನದಿಂದ ಬೆಳಕು ಮಾಡುತ್ತವೆ. ಹಗಲಿನಲ್ಲಿ ಅದೇ ನೀರನ್ನು ನೋಡಿ, ನೀಲಿ ಇರುವುದಿಲ್ಲ. ದಟ್ಟವಾಗಿದ್ದರೆ ಹಸಿರೋ ಕೆಂಪೋ ಆಗಿರುತ್ತದೆ. ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ.

ಗಂಗೊಳ್ಳಿ ಬೋಟು

ಹ್ವಾಯ್, ಗೆರೆ ಯಾಕೆ ಅಂತ ಕೇಳಿದವರಿಗೆ ಇನ್ನೂ ಯಾರೂ ಉತ್ತರ ಕೊಡಲೇ ಇಲ್ಲವಲ್ಲ.

ನೆರೆನೀರು ಸಿಹಿನೀರು, ಉಪ್ಪುನೀರಿಗಿಂತ ಹಗುರ. ಅದು ಕಡಲ ಮೇಲೆ ತೆಳ್ಳಗೆ ಹರಡಿಕೊಂಡು ಹೋಗುವುದು. ನಂಬಿಕೆ ಇಲ್ಲದಿದ್ದರೆ ಕಂದು ನೀರಿನ ಮೇಲೆ ದೋಣಿ ಹೋಗುವಾಗ ಹಿಂದೆ ತಿರುಗಿ ನೋಡಿ. ಫ್ಯಾನು ಕಡೆದ ದಾರಿಯುದ್ದಕ್ಕೂ ಹಸಿರು ಪಟ್ಟೆ ಕಾಣುತ್ತದೆ, ಅಡಿಯ ಕಡಲನೀರು ಮೇಲೆ ಬಂದದ್ದು ಅದು. ಪಟ್ಟೆ ಕಾಣದೆ ಕಂದೇ ಬಂದರೆ ಅಲ್ಲಿ ಕೆಸರು ತಳದವರೆಗೂ ಉಂಟು ಎಂದು ಲೆಕ್ಕ. ಗೆರೆಯಲ್ಲಿ ಕಸ ನಿಲ್ಲುವುದೂ ಇದಕ್ಕೇ. ಎರಡೂ ಕಡೆಯ ನೀರು ಅಲ್ಲಿಗೆ ಬಂದು ಸೇರುತ್ತದೆ, ಭಾರದ ನೀರು ಅಡಿಗೆ ನುಗ್ಗುತ್ತದೆ, ತೇಲುವ ವಸ್ತು ಮಾತ್ರ ಮೇಲೆ ಉಳಿದುಬಿಡುತ್ತದೆ.

ಇನ್ನೊಂದು. ಮಳೆಗಾಲದಲ್ಲಿ ಕಂದು ಬಣ್ಣವೆಲ್ಲ ಹೊಳೆಯದ್ದೇ ಅಂತ ತಿಳಿಯಬೇಡಿ. ತೂಫಾನ್ ಎದ್ದಾಗ ತಳದ ಕೆಸರೇ ಕದಡಿ ಮೇಲೆ ಬರುತ್ತದೆ. ನಾಡದೋಣಿಯವರು ಅದಕ್ಕೇ ಕಾಯುವುದು, ಸೀಗಡಿ ಸಿಗುವುದೇ ಆಗ. ಅದರಲ್ಲಿ ಗೆರೆ ಇರುವುದಿಲ್ಲ, ದಡದಿಂದ ಹೊರಗೆ ಹೋದ ಹಾಗೆ ಬಣ್ಣ ನಿಧಾನಕ್ಕೆ ತಿಳಿಯಾಗುತ್ತದೆ.

ಸೆಕಿ ತಟ್ಟೆ

ಗಂಗೊಳ್ಳಿಯವರು ಹೇಳಿದ್ದಕ್ಕೆ ಅಂಕಿ ಮಾತ್ರ ಸೇರಿಸುತ್ತೇನೆ. ಸಿಹಿನೀರು ಒಂದು ಘನ ಮೀಟರಿಗೆ 1000 ಕಿಲೋ ಹತ್ತಿರ, ಕಡಲನೀರು 1025ರ ಆಸುಪಾಸು. ನೂರಕ್ಕೆ ಎರಡೂವರೆ ಅಷ್ಟೇ ವ್ಯತ್ಯಾಸ, ಆದರೆ ಶಾಂತ ನೀರಿನಲ್ಲಿ ಪದರ ನಿಲ್ಲಲು ಅಷ್ಟು ಸಾಕು. ಮಳೆ ಹೊಳವಾದಾಗ ಗೆರೆ ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ, ಗಾಳಿ ಮತ್ತು ಅಲೆ ಇಳಿದಿರುತ್ತದೆ. ಜೋರು ಗಾಳಿಯಲ್ಲಿ ಪದರ ಕಲಕಿ ಗೆರೆ ಮಸುಕಾಗುತ್ತದೆ.

ಕಂದು ನಾಲಿಗೆ ಯಾವ ಕಡೆ ಚಾಚುತ್ತದೆ ಅನ್ನುವುದನ್ನೂ ಗಮನಿಸಿ. ಭೂಮಿಯ ತಿರುಗುವಿಕೆಯ ಪ್ರಕಾರ ನಮ್ಮ ಗೋಳಾರ್ಧದಲ್ಲಿ ಹೊರಬಂದ ನೀರು ಬಲಕ್ಕೆ, ಅಂದರೆ ನಮ್ಮ ಕರಾವಳಿಯಲ್ಲಿ ಉತ್ತರಕ್ಕೆ ತಿರುಗಬೇಕು. ಮುಂಗಾರಿನಲ್ಲಿ ದಡದ ಪ್ರವಾಹ ದಕ್ಷಿಣಕ್ಕೆ ಹರಿಯುವುದರಿಂದ ನಾಲಿಗೆ ಎಷ್ಟೋ ಸಲ ದಕ್ಷಿಣಕ್ಕೇ ಬಾಗಿರುತ್ತದೆ. ಪುಸ್ತಕದ ಚಿತ್ರ ಹಿಡಿದು ಇಲ್ಲಿ ಹುಡುಕಿದರೆ ಮೋಸ ಹೋಗುತ್ತೀರಿ.

ಈಗ ಕಂದು ಯಾಕೆ ಕಂದು ಅನ್ನುವುದಕ್ಕೆ ಬರೋಣ. ಮಣ್ಣು ಕಂದಾದ್ದರಿಂದ ನೀರೂ ಕಂದು ಅನ್ನುವ ಉತ್ತರ ಸಾಲದು. ಕೆಸರಿನ ಕಣಗಳು ಬೆಳಕನ್ನು ಮೇಲಿನ ಒಂದಡಿಯೊಳಗೇ ಹಿಂದಕ್ಕೆ ತಳ್ಳುತ್ತವೆ. 30 ಸೆಂಟಿಮೀಟರ್ ಇಳಿದು ಅಷ್ಟೇ ಏರಿದರೆ ಒಟ್ಟು 60 ಸೆಂಟಿಮೀಟರ್. ಅಷ್ಟು ದಾರಿಯಲ್ಲಿ ನೀರು ಕೆಂಪಿನಲ್ಲಿ ಕಡಿಯುವುದು ನೂರಕ್ಕೆ 18 ಮಾತ್ರ. ಲಗೂನಿನಲ್ಲಿ 87 ಪಾಲು ಕಳೆದುಕೊಂಡ ಕೆಂಪು ಇಲ್ಲಿ ಹೆಚ್ಚೂಕಡಿಮೆ ಪೂರ್ತಿ ವಾಪಸ್ ಬರುತ್ತದೆ. ಇತ್ತ ಜಂಬಿಟ್ಟಿಗೆ ಮಣ್ಣಿನ ಕಬ್ಬಿಣದ ಆಕ್ಸೈಡ್ ನೀಲಿಯನ್ನು ಹೀರುತ್ತದೆ. ನೀಲಿ ಹೋಗಿ ಕೆಂಪು ಉಳಿದರೆ ಕಾಣುವುದು ಕಂದು. ನೀರಿಗೆ ತನ್ನ ಕೆಲಸ ಮಾಡಲು ದಾರಿಯೇ ಸಿಗಲಿಲ್ಲ ಅನ್ನಿ.

ಸೋಮೇಶ್ವರದ ಬಂಡೆ

ಇದು ಚೆನ್ನಾಗಿ ಅರ್ಥವಾಯಿತು. ಹಾಗಾದರೆ ಕಂದು ಮುಗಿದು ಹಸಿರು ಶುರುವಾಗುವುದು ಅಂದರೆ ಮಣ್ಣು ತಳ ಸೇರಿತು ಅಂತ ತಾನೆ? ಅಷ್ಟು ಬೇಗ ಹೇಗೆ ಕೂರುತ್ತದೆ? ಮನೆಯಲ್ಲಿ ಹೊಳೆನೀರು ಬಾಟಲಿಯಲ್ಲಿಟ್ಟರೆ ನಾಲ್ಕು ದಿನವಾದರೂ ಮಬ್ಬು ಹೋಗುವುದಿಲ್ಲ.

ಸೆಕಿ ತಟ್ಟೆ

ಒಂಟಿ ಜೇಡಿಕಣಕ್ಕೆ ಕೂರಲು ಬಹಳ ಹೊತ್ತು ಬೇಕು. 2 ಮೈಕ್ರೋಮೀಟರ್ ಗಾತ್ರದ ಕಣ ನಿಂತ ನೀರಿನಲ್ಲಿ ದಿನಕ್ಕೆ ಸುಮಾರು 30 ಸೆಂಟಿಮೀಟರ್ ಇಳಿಯುತ್ತದೆ, 10 ಮೀಟರ್ ಆಳಕ್ಕೆ ತಿಂಗಳೇ ಬೇಕು. ಹೊಳೆಯಲ್ಲಿ ಈ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಉಪ್ಪು ಸಿಕ್ಕಿದ ಕೂಡಲೇ ಆ ತಳ್ಳಾಟ ಕುಗ್ಗಿ ಅವು ಅಂಟಿಕೊಂಡು ಗಂಟುಗಟ್ಟುತ್ತವೆ. ಗಂಟಾದ ಮೇಲೆ ದಿನಕ್ಕೆ ಹತ್ತಾರು ಮೀಟರ್ ಇಳಿಯಬಲ್ಲವು. ಲೀಟರಿಗೆ ಕೆಲವೇ ಗ್ರಾಂ ಉಪ್ಪು ಬೆರೆತರೂ ಇದು ಶುರುವಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಮಳೆಗಾಲದ ಹೊಳೆನೀರು ಎರಡು ಲೀಟರ್ ತಂದು ಕಲಕಿ ಐದು ನಿಮಿಷ ಬಿಡಿ, ಮರಳು ಕೂರಲಿ. ಮೇಲಿನ ಮಬ್ಬು ನೀರನ್ನು ಮಾತ್ರ ಒಂದೇ ಅಳತೆಯ ಎರಡು ಗಾಜಿನ ಬಾಟಲಿಗೆ ಬಗ್ಗಿಸಿ. ಒಂದಕ್ಕೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಹಾಕಿ, ಇನ್ನೊಂದಕ್ಕೆ ಏನೂ ಬೇಡ. ಎರಡನ್ನೂ ಒಂದೇ ಸಮ ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿ ನಿಲ್ಲಿಸಿ. ಕೆಲವು ಗಂಟೆಗಳಲ್ಲಿ ಉಪ್ಪಿನ ಬಾಟಲಿಯಲ್ಲಿ ಮೇಲಿನಿಂದ ತಿಳಿನೀರಿನ ಪಟ್ಟಿ ಇಳಿಯುತ್ತಾ ಬರುವುದು ಕಾಣುತ್ತದೆ.

ಕೆಡುವುದು ಎಲ್ಲಿ ಅಂದರೆ, ಪುಡಿ ಉಪ್ಪಿಗೆ ಗಂಟುಕಟ್ಟದಿರಲಿ ಅಂತ ಬೆರೆಸಿದ ಪುಡಿ ತಾನೇ ಮಬ್ಬು ತರುತ್ತದೆ. ಕಲ್ಲುಪ್ಪಿನಲ್ಲಿ ಮಣ್ಣಿರುತ್ತದೆ. ಯಾವುದಾದರೂ ಸರಿ, ಬೇರೆ ಲೋಟದಲ್ಲಿ ಕರಗಿಸಿ ಸೋಸಿ ಹಾಕಿ. ಜೋರಾಗಿ ಕುಲುಕಿದರೆ ಕಟ್ಟಿದ ಗಂಟು ಒಡೆಯುತ್ತದೆ. ಸಾಧ್ಯವಿದ್ದರೆ ಉಪ್ಪಿನ ಬದಲು ಹೊರಕಡಲಿನ ತಿಳಿನೀರನ್ನೇ ಅರ್ಧಕ್ಕರ್ಧ ಬೆರೆಸಿ. ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಇರುವುದರಿಂದ ಕೆಲಸ ಬೇಗ ಆಗುತ್ತದೆ. ಹಾಗೆ ಮಾಡಿದರೆ ಇನ್ನೊಂದು ಬಾಟಲಿಗೂ ಅಷ್ಟೇ ಸಿಹಿನೀರು ಬೆರೆಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೋಲಿಕೆಯೇ ತಪ್ಪುತ್ತದೆ.

ಮಾರನೇ ದಿನ ಉಪ್ಪಿನ ಬಾಟಲಿಯ ತಿಳಿಯನ್ನು ಬಿಳಿ ಹಾಳೆಯ ಮುಂದೆ ಹಿಡಿದು, ಪಕ್ಕದಲ್ಲಿ ಕುಡಿಯುವ ನೀರಿನ ಬಾಟಲಿ ಇಟ್ಟು ನೋಡಿ. ಕಾಡಿನಿಂದ ಹರಿದು ಬಂದ ಹೊಳೆಯಾದರೆ ತುಸು ಹಳದಿ ಉಳಿದಿರುತ್ತದೆ. ಅದು ಕೂರುವುದಿಲ್ಲ. ಎಲೆ, ತೊಗಟೆ, ಕೊಳೆತ ಮಣ್ಣಿನಿಂದ ಕರಗಿ ಬಂದ ಅಂಶ ಅದು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಈ ಹಳದಿ ಅಂಶ ನೀಲಿಯನ್ನು ಹೀರುತ್ತದೆ, ನೀರು ಕೆಂಪನ್ನು ಹೀರುತ್ತದೆ, ನಡುವೆ ಉಳಿಯುವುದು ಹಸಿರು. ಪಾಚಿ ಒಂದು ಕಣವೂ ಇಲ್ಲದೆ ಸಮುದ್ರ ಹಸಿರಾಗಬಹುದು.

ಬೆಳಕಿನ ಕೋಲು

ಹಾಗಂತ ಪಾಚಿಯನ್ನು ಕೈಬಿಡುವುದೂ ಸರಿಯಲ್ಲ. ಕ್ಲೋರೋಫಿಲ್ ಕೂಡ 440ರ ಹತ್ತಿರ ನೀಲಿಯನ್ನೂ 675ರ ಹತ್ತಿರ ಕೆಂಪನ್ನೂ ಹೀರುತ್ತದೆ. ಕಣ್ಣಿಗೆ ಎರಡೂ ಹಸಿರೇ.

ಪಿಕ್ಸೆಲ್ ಪದ್ಮಾ

ಕಣ್ಣಿಗೆ ಮಾತ್ರವಲ್ಲ, ಉಪಗ್ರಹಕ್ಕೂ ಅದೇ ಗೋಳು. ಓಷನ್‌ಸ್ಯಾಟ್ ಸರಣಿಯೂ ಸೇರಿದಂತೆ ಸಮುದ್ರದ ಬಣ್ಣ ನೋಡುವ ಉಪಗ್ರಹಗಳ ಮಾಮೂಲಿ ಕ್ಲೋರೋಫಿಲ್ ಸೂತ್ರ ನೀಲಿಗೂ ಹಸಿರಿಗೂ ಇರುವ ಅನುಪಾತದ ಮೇಲೆ ನಿಂತಿದೆ. ನೀಲಿ ಕಡಿಮೆಯಾದರೆ ಕ್ಲೋರೋಫಿಲ್ ಜಾಸ್ತಿ ಅಂತ ಅದು ಬರೆದುಕೊಳ್ಳುತ್ತದೆ. ನೀಲಿಯನ್ನು ಕದ್ದದ್ದು ಪಾಚಿಯೋ ಹಳದಿ ಅಂಶವೋ ಅದಕ್ಕೆ ಗೊತ್ತಾಗುವುದಿಲ್ಲ. ನೇತ್ರಾವತಿ ಅಳಿವೆಯ ಎದುರು ನೆರೆ ಬಂದ ಮಾರನೇ ದಿನ ನಕ್ಷೆ ಕಡುಕೆಂಪು ತೋರಿಸಿದರೆ ಪಾಚಿ ಹಬ್ಬ ಅಂತ ಹೇಳಿಬಿಡಬೇಡಿ.

ನಾನು ಮೊದಲು ನೋಡುವುದು 670ರ ಹತ್ತಿರದ ಕೆಂಪು ಪಟ್ಟಿ. ತಿಳಿ ಕಡಲಿನಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಅಳಿವೆಯ ಬಳಿ ಅದು ಎದ್ದು ನಿಂತಿದ್ದರೆ ಅಲ್ಲಿ ಕೆಸರಿದೆ, ನೀಲಿ–ಹಸಿರು ಸೂತ್ರವನ್ನು ಅಲ್ಲಿ ನಂಬುವಂತಿಲ್ಲ. ಸೆಂಟಿನೆಲ್-3ರಲ್ಲಿ 709ರ ಪಟ್ಟಿಯೂ ಇದೆ. ಕೆಸರುನೀರಿನಲ್ಲಿ 665ನ್ನು 709ರ ಜೊತೆ ಹೋಲಿಸಿದರೆ ಕ್ಲೋರೋಫಿಲ್ ಇದ್ದಲ್ಲಿ 665 ಮಾತ್ರ ತಗ್ಗುತ್ತದೆ, ಹಳದಿ ಅಂಶ ಅಷ್ಟು ದೂರ ಕೈ ಹಾಕುವುದಿಲ್ಲ. ಒಂದು ಚುಕ್ಕೆಗೆ 300 ಮೀಟರ್, ಆದ್ದರಿಂದ ಸೋಮೇಶ್ವರದವರು ಹೇಳಿದ ಗೆರೆಯ ಮೇಲೆ ಬಿದ್ದ ಚುಕ್ಕೆ ಕಂದೂ ಹಸಿರೂ ಕಲಸಿಕೊಂಡಿರುತ್ತದೆ. ಜುಲೈನಲ್ಲಿ ಮೋಡ ಬಿಡುವುದೇ ಅಪರೂಪ, ಅದು ಇನ್ನೊಂದು ತಲೆನೋವು.

ಸೋಮೇಶ್ವರದ ಬಂಡೆ

ಉಪಗ್ರಹ ಇಲ್ಲದವರು ಕಂಡುಹಿಡಿಯುವುದು ಹೇಗೆ?

ಸೆಕಿ ತಟ್ಟೆ

ಸೋಸಿ ನೋಡುವುದು. ಪ್ರಯೋಗಶಾಲೆಯ ಬಿಳಿ ಗಾಜುನಾರಿನ ಫಿಲ್ಟರಿನಲ್ಲಿ ಒಂದು ಲೀಟರ್ ಹಸಿರು ನೀರು ಸೋಸಿ. ಬಿಲ್ಲೆ ಹಸಿರೋ ಹಸಿರುಗಂದೋ ಆದರೆ ಪಾಚಿ. ಬೂದು ಅಥವಾ ಕಂದಾದರೆ ಮಣ್ಣು. ಬಿಲ್ಲೆ ಬೆಳ್ಳಗೇ ಉಳಿದು ಸೋಸಿದ ನೀರು ಹಳದಿಯಾಗಿದ್ದರೆ ಕರಗಿದ ಅಂಶ. ಕಾಫಿ ಫಿಲ್ಟರು ಇದಕ್ಕೆ ಆಗುವುದಿಲ್ಲ, ಅದರ ರಂಧ್ರದಲ್ಲಿ ಜೇಡಿಯೂ ಸಣ್ಣ ಪಾಚಿಯೂ ನುಸುಳಿಹೋಗುತ್ತವೆ.

ದೋಣಿ ಸಿಕ್ಕಿದರೆ ಸೆಕಿ ತಟ್ಟೆ ಇಳಿಸಿ. 30 ಸೆಂಟಿಮೀಟರ್ ಅಡ್ಡಳತೆಯ ಬಿಳಿ ತಟ್ಟೆ, ಕೆಳಗೆ ಎರಡು ಕಿಲೋ ತೂಕ, ಅರ್ಧ ಅರ್ಧ ಮೀಟರಿಗೆ ಗುರುತು ಮಾಡಿದ ಹಗ್ಗ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ದೋಣಿಯ ನೆರಳಿನ ಬದಿಯಲ್ಲಿ, ತಂಪುಕನ್ನಡಕ ತೆಗೆದು ನೋಡಿ. ತಟ್ಟೆ ಮಾಯವಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆದುಕೊಳ್ಳಿ. ಆಮೇಲೆ ಅದರ ಅರ್ಧ ಆಳಕ್ಕೆ ತಟ್ಟೆ ಎತ್ತಿ ಅದರ ಮೇಲಿನ ನೀರಿನ ಬಣ್ಣ ಗುರುತಿಸಿ. ಫೋರೆಲ್–ಉಲೆ ಪಟ್ಟಿಯಲ್ಲಿ 1 ಅಂದರೆ ಗಾಢ ನೀಲಿ, 21 ಅಂದರೆ ಕಡುಗಂದು. ನೆರೆಯ ದಿನ ಅಳಿವೆಯಲ್ಲಿ ತಟ್ಟೆ ಅರ್ಧ ಮೀಟರಿನೊಳಗೇ ಮಾಯವಾಗಬಹುದು. ಲಕ್ಷದ್ವೀಪದ ಆಳದಲ್ಲಿ 20 ಮೀಟರ್ ದಾಟಿದರೂ ಕಾಣುತ್ತಿರುತ್ತದೆ.

ಸೆಳೆತ ಇದ್ದರೆ ಹಗ್ಗ ಓರೆಯಾಗಿ ಆಳ ಹೆಚ್ಚು ತೋರಿಸುತ್ತದೆ, ಆಗ ತೂಕ ಜಾಸ್ತಿ ಮಾಡಿ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಗುರುತನ್ನು ಒದ್ದೆ ಮಾಡಿದ ಮೇಲೇ ಹಾಕಿ.

ಬೆಳಕಿನ ಕೋಲು

ದಡದಿಂದಲೇ ನೋಡುವವರು ಆಕಾಶವನ್ನು ಕಳೆದು ನೋಡಬೇಕು. ನೇರ ಕೆಳಗೆ ನೋಡಿದರೆ ಮೇಲ್ಮೈ ಹಿಂತಿರುಗಿಸುವುದು ನೂರಕ್ಕೆ ಎರಡು ಪಾಲು ಅಷ್ಟೆ. ದಿಗಂತದ ಕಡೆ ಓರೆಯಾಗಿ ನೋಡಿದರೆ ಅದು ಬಹಳ ಹೆಚ್ಚುತ್ತದೆ, ಆಗ ನೀವು ನೋಡುವುದು ಹೆಚ್ಚಾಗಿ ಆಕಾಶವನ್ನೇ. ದೂರದ ಕಡಲು ನೀಲಿ, ಕಾಲಬುಡದ ನೀರು ಹಸಿರು ಅಂತ ಕಾಣುವುದರಲ್ಲಿ ಇದರ ಪಾಲೂ ಇದೆ. ಪೋಲರಾಯ್ಡ್ ಕನ್ನಡಕ ಹಾಕಿ, ನೆಟ್ಟಗಿನ ಗೆರೆಯಿಂದ ಸುಮಾರು 53 ಡಿಗ್ರಿ ಓರೆಯಲ್ಲಿರುವ ನೀರನ್ನು ನೋಡಿ. ತಲೆಯನ್ನು ಭುಜದ ಕಡೆ ವಾಲಿಸಿದರೆ ಹೊಳಪು ಮರಳಿ ಬರುತ್ತದೆ, ನೆಟ್ಟಗೆ ಮಾಡಿದರೆ ಹೋಗುತ್ತದೆ. ಹೊಳಪು ಹೋದಾಗ ಕಾಣುವುದೇ ನೀರಿನ ಬಣ್ಣ. ರಾಮನ್ ಪ್ರಿಸಂ ಮಾಡಿದ್ದು ಇದನ್ನೇ.

ಗಂಗೊಳ್ಳಿ ಬೋಟು

ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಇಲ್ಲದ ದಿನ ಹೊರಕಡಲಲ್ಲಿ ಕಂದು ಪಟ್ಟೆ ಪಟ್ಟೆ ಕಾಣುತ್ತದೆ, ಮರದ ಹೊಟ್ಟು ಚೆಲ್ಲಿದ ಹಾಗೆ, ವಾಸನೆಯೂ ಉಂಟು. ಅಲ್ಲಿ ಹೊಳೆ ಎಲ್ಲಿಂದ ಬರಬೇಕು?

ಸೆಕಿ ತಟ್ಟೆ

ಅದು ಟ್ರೈಕೊಡೆಸ್ಮಿಯಂ, ಬಿಸಿಲು ಜೋರಾಗಿ ಕಡಲು ಶಾಂತವಾದಾಗ ಮೇಲೆ ತೇಲುವ ಜೀವಿ. ಬಾಟಲಿಯಲ್ಲಿ ಎತ್ತಿ ನಿಲ್ಲಿಸಿದರೆ ಹೊಟ್ಟು ಮೇಲಕ್ಕೆ ಬಂದು ಕೂಡಿಕೊಳ್ಳುತ್ತದೆ. ಕೆಸರಾದರೆ ಕೆಳಕ್ಕೆ ಹೋಗುತ್ತಿತ್ತು.

ಪಿಕ್ಸೆಲ್ ಪದ್ಮಾ

ಒಂದು ವಿಷಯದಲ್ಲಿ ಗಂಗೊಳ್ಳಿಯವರ ಅಭಿಪ್ರಾಯ ಬೇಕು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಂದು ಗೆರೆಯ ಆಚೆ ಅಗಲವಾದ ಹಸಿರು ಪಟ್ಟಿ ಇರುತ್ತದಲ್ಲ, ಅದನ್ನು ನಾನು ಅಡಿಯಿಂದ ಮೇಲೆದ್ದ ತಣ್ಣೀರಿನ ಗೊಬ್ಬರಕ್ಕೆ ಬೆಳೆದ ಪಾಚಿ ಅಂತ ಲೆಕ್ಕ ಹಿಡಿದಿದ್ದೇನೆ.

ಗಂಗೊಳ್ಳಿ ಬೋಟು

ತಣ್ಣೀರು ಬರುವುದು ಹೌದು, ಕೈ ಹಾಕಿದರೆ ಗೊತ್ತಾಗುತ್ತದೆ. ಆದರೆ ಜೋರು ಮಳೆಯ ವರ್ಷ ಮೇಲೆ ಸಿಹಿನೀರಿನ ಪದರ ದಪ್ಪ ಇರುತ್ತದೆ. ಆಗ ತಣ್ಣೀರು ಮೇಲಿನ ತನಕ ಏರುವುದೇ ಇಲ್ಲ. ಹಸಿರು ಮಾತ್ರ ಇರುತ್ತದೆ. ಅದು ಹೊಳೆಯ ಗೊಬ್ಬರ ಅಂತ ನನ್ನ ಲೆಕ್ಕ.

ಸೆಕಿ ತಟ್ಟೆ

ಇಬ್ಬರದೂ ಇರಬಹುದು, ಹಳದಿ ಅಂಶದ ಪಾಲೂ ಇರಬಹುದು. ಬಣ್ಣ ನೋಡಿ ತೀರ್ಮಾನಿಸಲು ಬರುವುದಿಲ್ಲ. ಆ ಪಟ್ಟಿಯ ನೀರಿಗೆ ಥರ್ಮಾಮೀಟರ್ ಇಳಿಸಿ, ಉಪ್ಪಿನಂಶವನ್ನೂ ಅಳೆಯಿರಿ. ಹೊರಕಡಲಿಗಿಂತ ಕೆಲವು ಡಿಗ್ರಿ ತಣ್ಣಗಿದ್ದು ಉಪ್ಪು ಪೂರ್ತಿ ಇದ್ದರೆ ಪದ್ಮಾ ಅವರ ಕಡೆ. ಬೆಚ್ಚಗಿದ್ದು ಉಪ್ಪು ಕಡಿಮೆ ಇದ್ದರೆ ಗಂಗೊಳ್ಳಿಯವರ ಕಡೆ. ಜೊತೆಗೆ ಒಂದು ಲೀಟರ್ ಸೋಸಿದ ಬಿಲ್ಲೆಯ ಬಣ್ಣವೂ ಬೇಕು.

ಗಂಗೊಳ್ಳಿ ಬೋಟು

ಥರ್ಮಾಮೀಟರ್ ಉಂಟು. ಉಪ್ಪು ಅಳೆಯುವುದಕ್ಕೆ ಸೀಗಡಿ ಕೆರೆಯವರ ಹತ್ತಿರ ಹನಿ ಹಾಕಿ ನೋಡುವ ರಿಫ್ರಾಕ್ಟೋಮೀಟರ್ ಇರುತ್ತದೆ, ಅದು ಸಾಕಾ?

ಸೆಕಿ ತಟ್ಟೆ

ಸಾಕು. ಪ್ರತಿ ಸಲ ಮೊದಲು ಡಿಸ್ಟಿಲ್ಡ್ ವಾಟರ್ ಹನಿ ಹಾಕಿ ಸೊನ್ನೆಗೆ ಕೂರಿಸಿಕೊಳ್ಳಿ, ಮತ್ತು ಹನಿಯನ್ನು ಬಕೆಟಿನಲ್ಲಿ ಮೊಗೆದ ಮೇಲ್ನೀರಿನಿಂದ ಮಾತ್ರ ತೆಗೆಯಬೇಡಿ. ಎರಡು ಮಾರು ಆಳದ್ದೂ ಬೇಕು, ಅಂಥ ಕಡೆ ಪದರ ಇದೆಯೋ ಇಲ್ಲವೋ ಗೊತ್ತಾಗುವುದು ಅದರಿಂದಲೇ.